ಹತ್ತು ನಿಮಿಷ ಮುಂದಿನ ವಾಡಿ

ವಾಡಿಯ ನಮ್ಮ ಕಚೇರಿಯಲ್ಲಿ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತಿತ್ತು. ಕೆಟ್ಟು ಮುಂದೆ ಹೋದದ್ದಲ್ಲ, ಬೇಕೆಂದೇ ಇಟ್ಟದ್ದು. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಶಹಾಬಾದಿನಿಂದಲೋ ಚಿತ್ತಾಪುರದಿಂದಲೋ ಸೇಡಂನಿಂದಲೋ ರೈಲಿನಲ್ಲಿ ಬಂದು ರೈಲಿನಲ್ಲಿ ಹೋಗುವವರು. ಸಂಜೆಯ ಪ್ಯಾಸೆಂಜರ್ ತಪ್ಪಿದರೆ ಆಮೇಲೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತು ಸೊಳ್ಳೆ ಹೊಡೆಯಬೇಕು. ಹತ್ತು ನಿಮಿಷ ಮುಂದಿಟ್ಟರೆ ಗಾಬರಿಯಿಂದಾದರೂ ಎದ್ದು ಓಡುತ್ತಾರೆ ಎಂಬುದು ಮ್ಯಾನೇಜರ್ ಸಾಹೇಬರ ಲೆಕ್ಕಾಚಾರ. ಆದರೆ ಗಡಿಯಾರ ಮುಂದಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು ಮೊದಲಿನಷ್ಟೇ ತಡವಾಗಿ ಏಳುತ್ತಿದ್ದರು. ಇಂಥ ಬುದ್ಧಿವಂತಿಕೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನಾನು ಶಹಾಬಾದಿನವಳು. ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನವರಿಗೆ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಐದು ಊರುಗಳಲ್ಲಿ ಅವರ ಕೇಂದ್ರಗಳಿದ್ದವು. ಸಹಿ ಮಾಡುವ ಡಾಕ್ಟರು ಮಾತ್ರ ವಾಡಿಯಲ್ಲಿ. ಯಾವ ಊರಿನಲ್ಲಿ ರಕ್ತ ತೆಗೆದರೂ ಫಲಿತಾಂಶವನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಹಾಕುತ್ತಾರೆ, ಅದು ವಾಡಿಯ ದೊಡ್ಡ ಸರ್ವರಿಗೆ ಅರ್ಧ ಗಂಟೆಗೊಮ್ಮೆ ತಾನಾಗಿ ಬರುತ್ತದೆ, ಇದಕ್ಕೆ ಸಿಂಕ್ ಎನ್ನುತ್ತಾರೆ, ಡಾಕ್ಟರು ನೋಡಿ ಒಪ್ಪಿಗೆ ಕೊಡುತ್ತಾರೆ, ಆಮೇಲೆಯೇ ರೋಗಿಯ ಕೈಗೆ ರಿಪೋರ್ಟು. ವಾಡಿಗೆ ಬಾರದ ಫಲಿತಾಂಶ ಯಾರ ಕೈಗೂ ಸಿಗುವುದಿಲ್ಲ.

ಚಿಂಚೋಳಿಗೆ ಹತ್ತಿಕೊಂಡೇ ಇರುವ ಚಂದಾಪುರದಲ್ಲಿ ನಮ್ಮ ಐದನೆಯ ಕೇಂದ್ರ, ನಮ್ಮವರ ಬಾಯಲ್ಲಿ ಚಿಂಚೋಳಿ ಕೇಂದ್ರ. ಅಲ್ಲಿನ ಹಳೆಯ ಕಂಪ್ಯೂಟರು ಸೇಡಂ ಕೇಂದ್ರದಿಂದ ಹೋದ ಮುದಿ ಪೆಟ್ಟಿಗೆ. ಅದು ಪೂರ್ತಿ ಕೈಕೊಟ್ಟಾಗ ಹೊಸದು ತಂದು ಕೂರಿಸಿದರು. ಅದೇ ವಾರ ಅಲ್ಲಿಗೆ ಹೊಸ ಟೆಕ್ನಿಷಿಯನ್ ಸೇರಿದಳು. ರಾವೂರಿನ ಹುಡುಗಿ, ಅಪ್ಪ ಕಲ್ಲಿನ ಖಣಿಯಲ್ಲಿ ದುಡಿಯುವವನು, ಅವಳಿಗಿದು ಮೊದಲ ನೌಕರಿ. ಚಂದಾಪುರದಲ್ಲಿ ಒಂದು ಖೋಲಿ ಹಿಡಿದು ತಾನೇ ರೊಟ್ಟಿ ಬಡಿದುಕೊಂಡು ಇರುತ್ತಿದ್ದಳು. ನೌಕರಿ ಹೋದರೆ ಖೋಲಿಯೂ ಹೋಯಿತು, ಮತ್ತೆ ರಾವೂರು, ಮತ್ತೆ ನೆಂಟರಲ್ಲಿ ಮದುವೆಗೆ ಸಂಬಂಧ ಹುಡುಕುವ ಮಾತು. ಇದನ್ನು ಅವಳೇ ನನಗೆ ಮೊದಲ ದಿನ ನಗುತ್ತ ಹೇಳಿದ್ದಳು.

ಆ ವಾರದಿಂದಲೇ ಚಿಂಚೋಳಿಯ ರಿಪೋರ್ಟುಗಳು ಕಾಣೆಯಾಗತೊಡಗಿದವು. ಎಲ್ಲವೂ ಅಲ್ಲ. ಎಲ್ಲವೂ ಕಾಣೆಯಾಗಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು ರಗಳೆ. ಮೂರರಲ್ಲಿ ಎರಡು ಬರುವುದು, ಒಂದು ಬಾರದೇ ಇರುವುದು. ವಾಡಿಯಿಂದ ಫೋನು ಹೋಗುತ್ತಿತ್ತು, ಅವಳು "ಹಾಕೀನ್ರಿ" ಎನ್ನುತ್ತಿದ್ದಳು, ಇವರು "ಬಂದಿಲ್ಲ" ಎನ್ನುತ್ತಿದ್ದರು. ಅವಳು ಅದನ್ನೇ ಮತ್ತೊಮ್ಮೆ ತೆರೆದು ಸೇವ್ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದುಬಿಡುತ್ತಿತ್ತು.

ಹೊಸ ಕಂಪ್ಯೂಟರೂ ಹೊಸ ಹುಡುಗಿಯೂ ಒಂದೇ ವಾರ ಬಂದಿದ್ದರು. ಅನುಮಾನ ಯಾರ ಮೇಲೆ ಬರಬೇಕು? ಕಂಪ್ಯೂಟರಿನ ಮೇಲೆ ಯಾರೂ ಕೂಗಾಡುವುದಿಲ್ಲವಲ್ಲ, ಹುಡುಗಿಯ ಮೇಲೆ ಬಂತು.

ನಾನು ಮೊದಲು ಸಾಫ್ಟ್‌ವೇರ್ ಮಾಡಿಕೊಟ್ಟ ಹೈದರಾಬಾದಿನ ಹುಡುಗರಿಗೆ ಫೋನು ಮಾಡಿದೆ. ಅವರದು ಒಂದೇ ಮಂತ್ರ, "ನೆಟ್‌ವರ್ಕ್ ಪ್ರಾಬ್ಲಮ್ ಮೇಡಂ." ನೆಟ್‌ವರ್ಕ್ ಇಲ್ಲದಿದ್ದರೆ ಸಿಂಕ್ ಆಗಲಿಲ್ಲ ಎಂದು ಕೆಂಪು ಅಕ್ಷರ ಬರಬೇಕು, ಬಂದಿರಲಿಲ್ಲ. ಪ್ರತಿ ಅರ್ಧ ಗಂಟೆಗೊಮ್ಮೆ ಸಿಂಕ್ ಆಯಿತು, ಯಶಸ್ವಿ, ತಪ್ಪಿಲ್ಲ ಎಂದು ಹಸಿರು ಸಾಲುಗಳು. ಆ ಹಸಿರು ಸಾಲುಗಳನ್ನು ನೋಡಿದಷ್ಟೂ ನನ್ನ ಮೈ ಉರಿಯುತ್ತಿತ್ತು. ಫಲಿತಾಂಶ ಬಂದಿಲ್ಲ, ಸಿಂಕ್ ಯಶಸ್ವಿ. ಹೈದರಾಬಾದಿನವರು ಆ ಹಸಿರನ್ನೇ ತೋರಿಸಿ, "ನೋಡಿ ಮೇಡಂ, ನಮ್ಮ ಕಡೆ ಎಲ್ಲ ಕ್ಲಿಯರ್ ಇದೆ" ಎಂದು ಕೈತೊಳೆದುಕೊಂಡರು. ಉಳಿದ ನಾಲ್ಕು ಊರುಗಳಿಂದ ಒಂದು ಫಲಿತಾಂಶವೂ ತಪ್ಪುತ್ತಿರಲಿಲ್ಲ ಎಂಬುದು ಅವರ ಇನ್ನೊಂದು ಸಾಕ್ಷಿ.

ಮ್ಯಾನೇಜರ್ ಸಾಹೇಬರ ಬಳಿ ಅದಕ್ಕಿಂತ ದೊಡ್ಡ ಸಾಕ್ಷಿ ಇತ್ತು. ನನ್ನನ್ನು ಕರೆದು ತಮ್ಮ ಪರದೆ ತಿರುಗಿಸಿ ತೋರಿಸಿದರು.

"ಇಲ್ಲಿ ನೋಡ್ರಿ ಮೇಡಂ. ಹನ್ನೊಂದೂ ಇಪ್ಪತ್ತಕ್ಕೇ ಹಾಕೀನಿ ಅಂತಾಳ. ನಾವು ಫೋನ್ ಮಾಡಿದ್ದು ಹನ್ನೆರಡೂವರಿಗಿ. ಸೇವ್ ಆದ ಟೈಮ್ ಏನದ? ಹನ್ನೆರಡೂ ನಲವತ್ತು. ಫೋನ್ ಹ್ವಾದ ಮ್ಯಾಲೇ ಹಾಕ್ಯಾಳ. ಖರೇ ಯಾವುದು, ಸುಳ್ಳ ಯಾವುದು, ನೀವೇ ಹೇಳ್ರಿ."

"ಅದು ಕಡೀಕ ಸೇವ್ ಮಾಡಿದ ಟೈಮ್ರಿ ಸಾಹೇಬ್ರ. ಎರಡನೇ ಸಲ ಸೇವ್ ಮಾಡಿದ್ರ ಮೊದಲಿಂದು ಅಳಸಿ ಹೊಸಾದು ಬೀಳ್ತದ."

"ಅಂದ್ರ ಮೊದಲ್ನೇ ಸಲ ಹಾಕಿದ್ದು ಎಲ್ಲಿ ಹೋಯ್ತು? ನಿಮ್ಮ ಸರ್ವರ್ ನುಂಗ್ತೇನು?"

ಹುಡುಗಿ ಪಾಪ ಫಲಿತಾಂಶ ಹಾಕಿದ ಕೂಡಲೇ ಪರದೆಯ ಫೋಟೋ ತೆಗೆದು ಸಾಹೇಬರಿಗೆ ಕಳಿಸತೊಡಗಿದ್ದಳಂತೆ, ಪರದೆಯ ಮೂಲೆಯಲ್ಲಿ ಹೊತ್ತು ಕಾಣುವ ಹಾಗೆ. ಅದನ್ನೂ ತೋರಿಸಿದರು, ನಗುತ್ತ.

"ಕಂಪ್ಯೂಟರಿನ ಟೈಮ್ ಯಾರ್ ಬೇಕಾದ್ರೂ ಹಿಂದಮುಂದ ಮಾಡಬಹುದು ಮೇಡಂ. ಅದನ್ನ ನಂಬಿ ಕುಂದ್ರಲಿಕ್ಕ ಆಗ್ತದೇನು?"

ಈ ಮಾತನ್ನು ಈಗ ನೆನೆಸಿಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆಗ ಎದ್ದು ನನ್ನ ಜಾಗಕ್ಕೆ ಬಂದೆ.

ಕೊನೆಗೆ ಕಟ್ಟೆ ಒಡೆದದ್ದು ಚಂದ್ರಂಪಳ್ಳಿ ಕಡೆಯ ಒಬ್ಬ ಬಸುರಿಯಿಂದ. ಅವಳ ರಿಪೋರ್ಟು ಸಂಜೆಗೆ ಸಿಗಬೇಕಿತ್ತು, ಸಿಗಲಿಲ್ಲ. ಮರುದಿನ ಬಸ್ಸಿನಲ್ಲಿ ಮತ್ತೆ ಬಂದಳು, ಹುಡುಗಿ ಇನ್ನೊಮ್ಮೆ ಸೇವ್ ಮಾಡಿದರೂ ಆಗಲೂ ಇಲ್ಲ. ಜೊತೆಗೆ ಬಂದಿದ್ದ ಅತ್ತೆ ಕೇಂದ್ರದ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು, ಯಾರೋ ಅದನ್ನು ವಿಡಿಯೋ ಮಾಡಿದರು, ವಿಡಿಯೋ ವಾಡಿಗೆ ಮುಟ್ಟಿತು. ಫಲಿತಾಂಶ ತಡವಾದೀತು, ವಿಡಿಯೋ ತಡವಾಗುವುದಿಲ್ಲ ನಮ್ಮಲ್ಲಿ. ಸೋಮವಾರದಿಂದ ಬರಬೇಡ ಎಂದು ಹುಡುಗಿಗೆ ಹೇಳಿಬಿಟ್ಟರು. ಶನಿವಾರದ ತನಕ ಕೆಲಸ, ಅಷ್ಟರೊಳಗೆ ಇನ್ನೊಬ್ಬರನ್ನು ಹುಡುಕುತ್ತೇವೆ ಎಂದರು.

ನಾನು ಯಾರನ್ನೂ ಕೇಳದೆ ಮರುದಿನ ಬೆಳಿಗ್ಗೆ ಸೇಡಂ ತನಕ ರೈಲು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿಗೆ ಹೋದೆ. ರಸ್ತೆ ಹೇಗಿದೆ ಎಂದು ಹೇಳಿದರೆ ಇದು ಬೇರೆಯೇ ಬರಹವಾಗುತ್ತದೆ. ಸೊಂಟ ಹಿಡಿದುಕೊಂಡು ಚಂದಾಪುರದಲ್ಲಿ ಇಳಿದಾಗ ಆಗಲೇ ಬಿಸಿಲು ಏರಿತ್ತು. ಹುಡುಗಿ ಒಳಗೆ ಒಬ್ಬ ಮುದುಕನ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದಳು. ನನ್ನನ್ನು ನೋಡಿ ನಗಲಿಲ್ಲ.

"ಕುಂದ್ರಿ ಅಕ್ಕಾ. ಚಾ ಹೇಳ್ಲಿ?"

"ಚಾ ಆಮ್ಯಾಲೆ. ನೀನು ಹಾಕು, ನಾ ನೋಡ್ತೀನಿ."

ಮುದುಕನನ್ನು ಕಳಿಸಿ ಬಂದು ಕೂತು, ಯಂತ್ರದಿಂದ ಬಂದ ಅಂಕಿಗಳನ್ನು ನೋಡಿಕೊಂಡು ಒಂದೊಂದೇ ಹಾಕಿದಳು. ಒಂದಕ್ಕೂ ಗಡಿಬಿಡಿ ಇಲ್ಲ. ಸೇವ್ ಒತ್ತಿದ ಮೇಲೆ ತೆರೆದು ಮತ್ತೆ ನೋಡುತ್ತಿದ್ದಳು, ಮುಚ್ಚುತ್ತಿದ್ದಳು, ಇನ್ನೊಮ್ಮೆ ತೆರೆದು ನೋಡುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಜಗ್ಗಿ ನೋಡುವವರ ಹಾಗೆ.

"ಯಾಕ ಇಷ್ಟು ಸಲ ನೋಡ್ತಿ?"

"ನಂಗೇ ನನ್ನ ಮ್ಯಾಲ ಭರೋಸಾ ಉಳಿದಿಲ್ಲ ಅಕ್ಕಾ. ದಿನಾ ಹಾಕಿಲ್ಲ ಹಾಕಿಲ್ಲ ಅಂದ್ರ, ಖರೇನೇ ಹಾಕಿಲ್ಲೇನೋ, ಹಾಕೀನಿ ಅಂತ ಬರೇ ಅನ್ಕೊಂಡೀನೇನೋ ಅನಸ್ತದ."

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ವಾಡಿಯಲ್ಲಿ ಸರ್ವರ್ ಮುಂದೆ ಕೂರುವ ಆಪರೇಟರಿಗೆ ಫೋನು ಮಾಡಿದೆ. ಇವಳು ಈಗ ತಾನೇ ಹಾಕಿದ್ದು ಮುಂದಿನ ಸಿಂಕಿನಲ್ಲಿ ಬರುತ್ತದೋ ಇಲ್ಲವೋ ನೋಡೋಣ ಎಂದು.

"ಹನ್ನೆರಡರ ಸಿಂಕ್ ಆದ ಕೂಡ್ಲೇ ನಂಗ ಹೇಳ್ರಿ. ನಾ ಲೈನ್ ಮ್ಯಾಲೇ ಇರ್ತೀನಿ."

"ಹನ್ನೆರಡರದ್ದು ಆಗಿ ಹೋಯ್ತಲ್ರಿ ಅಕ್ಕೋರೆ."

ನಾನು ಪರದೆಯ ಮೂಲೆ ನೋಡಿದೆ. ಹನ್ನೆರಡಕ್ಕೆ ಇನ್ನೂ ಒಂಬತ್ತು ನಿಮಿಷ ಇತ್ತು. ನನ್ನ ಮೊಬೈಲು ನೋಡಿದೆ, ಅದರಲ್ಲೂ ಅಷ್ಟೇ.

"ಇನ್ನಾ ಹನ್ನೆರಡು ಆಗಿಲ್ಲಲ್ರೀ!"

"ನಮ್ಮಲ್ಲಿ ಆಗ್ಯಾದ್ರಿ."

"ನಿಮ್ಮಲ್ಲಿ ಅಂದ್ರ? ಗೋಡಿ ಗಡಿಯಾರ ಹೇಳ್ತೀರೋ, ಸರ್ವರ್ ಹೇಳ್ತೀರೋ?"

"ಎರಡೂ ಒಂದೇ ಅದಾವ್ರಿ. ಮೊದಲೆಲ್ಲ ಸರ್ವರಿನ ಟೈಮ್ ಬ್ಯಾರೆ ಆಗಿ ಹಾಜರಿ ಹಿಡಿಯೋ ಮಿಷನ್ನಿಗೂ ಗೋಡಿ ಗಡಿಯಾರಕ್ಕೂ ಹೊಂದ್ತಿರಲಿಲ್ಲ. ಅದಕ್ಕ ಸಾಹೇಬ್ರು ಸರ್ವರೂ ಹತ್ತು ನಿಮಿಷ ಮುಂದ ಮಾಡಿಸ್ಯಾರ. ಇಂಟರ್ನೆಟ್ಟಿನಿಂದ ತಾನೇ ಹಿಂದಕ್ಕ ಜಗ್ಗತಿತ್ತು, ಅದನ್ನೂ ಬಂದ್ ಮಾಡೀವಿ."

"ಸೇಡಂ, ಚಿತ್ತಾಪುರ, ಶಹಾಬಾದ್ ಕೇಂದ್ರದಾಗ?"

"ಎಲ್ಲಾ ಕಡಿ ಹಂಗೇ ಮಾಡೀವ್ರಿ. ಅವರೂ ಗಾಡಿ ಹಿಡಿಯೋ ಮಂದೀನೇ ಅಲ್ರಿ."

ಚಿಂಚೋಳಿಗೆ ರೈಲಿಲ್ಲ. ಅದಕ್ಕೇ ಅಲ್ಲಿ ಗಡಿಯಾರ ಮುಂದಿಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಸೇಡಂನಿಂದ ಬಂದ ಹಳೆಯ ಪೆಟ್ಟಿಗೆ ಸೇಡಂನ ಹತ್ತು ನಿಮಿಷವನ್ನೂ ಹೊತ್ತು ತಂದಿತ್ತು, ಆದ್ದರಿಂದ ಅದು ಇದ್ದಷ್ಟು ದಿನ ಏನೂ ಆಗಲಿಲ್ಲ. ಹೊಸ ಕಂಪ್ಯೂಟರು ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ತೆಗೆದುಕೊಂಡು ಕೂತಿತ್ತು. ಐದು ಊರಿನಲ್ಲಿ ಸರಿಯಾದ ಗಡಿಯಾರ ಇದ್ದದ್ದು ಅದೊಂದೇ. ವಾಡಿಯ ಸರ್ವರಿನ ಮೂಲೆಯಲ್ಲಿ ಹೊತ್ತನ್ನು ನಾನೂ ಎಷ್ಟೋ ಸಲ ನೋಡಿದ್ದೆ. ಗೋಡೆಯ ಗಡಿಯಾರಕ್ಕೆ ಹೊಂದುತ್ತಿತ್ತು, ಕಣ್ಣು ಒಪ್ಪಿಕೊಂಡುಬಿಡುತ್ತಿತ್ತು.

ಇದರಿಂದ ಫಲಿತಾಂಶ ಯಾಕೆ ಕಾಣೆಯಾಗಬೇಕು ಎಂದು ಹುಡುಗಿ ಕೇಳಿದಳು. ಅವಳಿಗೆ ಹೇಳಿದ ಹಾಗೆಯೇ ಇಲ್ಲಿ ಹೇಳುತ್ತೇನೆ. ವಾಡಿಯ ಸರ್ವರು ಪ್ರತಿ ಸಲವೂ ಎಲ್ಲವನ್ನೂ ಹೊತ್ತೊಯ್ಯುವುದಿಲ್ಲ, ಹೊಸದನ್ನು ಮಾತ್ರ ಒಯ್ಯುತ್ತದೆ. ಅರ್ಧ ಗಂಟೆಗೊಮ್ಮೆ ಬಂದು, "ನಾನು ಹಿಂದಿನ ಸಲ ಬಂದು ಹೋದ ಮೇಲೆ ಸೇವ್ ಆದದ್ದು ಏನಿದೆ, ಕೊಡು" ಎನ್ನುತ್ತದೆ. ಹಿಂದಿನ ಸಲ ಯಾವಾಗ ಬಂದಿದ್ದೆ ಎಂಬುದನ್ನು ತನ್ನ ಗಡಿಯಾರ ನೋಡಿ ಗುರುತು ಹಾಕಿಕೊಳ್ಳುತ್ತದೆ. ಫಲಿತಾಂಶದ ಮೇಲೆ ಬೀಳುವುದು ಚಿಂಚೋಳಿಯ ಗಡಿಯಾರದ ಹೊತ್ತು. ವಾಡಿ ಹನ್ನೊಂದೂವರೆ ಎಂದು ಬಂದು ಹೋದಾಗ ಇಲ್ಲಿ ಹನ್ನೊಂದೂ ಇಪ್ಪತ್ತು. ಅದಾಗಿ ಎರಡು ನಿಮಿಷಕ್ಕೆ ಇವಳು ಒಂದು ಫಲಿತಾಂಶ ಹಾಕಿದರೆ ಅದರ ಮೇಲೆ ಹನ್ನೊಂದೂ ಇಪ್ಪತ್ತೆರಡು ಎಂದು ಬೀಳುತ್ತದೆ. ಮುಂದಿನ ಸಲ ವಾಡಿ ಬಂದು ಕೇಳುವುದು ಹನ್ನೊಂದೂವರೆಯ ನಂತರದ್ದನ್ನು. ಇದು ಅದಕ್ಕಿಂತ ಹಿಂದಿನದು, ಆಗಲೇ ಒಯ್ದಿರಬೇಕು ಎಂದು ಬಿಟ್ಟು ಹೋಗುತ್ತದೆ. ಆಗಲೂ ಒಯ್ಯಲಿಲ್ಲ, ಇನ್ನು ಮುಂದೆಯೂ ಒಯ್ಯುವುದಿಲ್ಲ. ಪ್ರತಿ ಸಲ ವಾಡಿ ಬಂದು ಹೋದ ಮೇಲಿನ ಮೊದಲ ಹತ್ತು ನಿಮಿಷ ಹಾಕಿದ್ದೆಲ್ಲ ಹೀಗೆ ಬಿದ್ದು ಹೋಗುತ್ತಿತ್ತು. ತಪ್ಪು ಎಲ್ಲೂ ಆಗಿಲ್ಲ, ಕೇಳಿದ್ದನ್ನು ಕೊಟ್ಟಿದೆ, ಹಾಗಾಗಿ ಹಸಿರು ಸಾಲು. ಅವಳು ಮತ್ತೊಮ್ಮೆ ಸೇವ್ ಮಾಡಿದರೆ ಹೊಸ ಹೊತ್ತು ಬೀಳುತ್ತಿತ್ತು, ಅದಕ್ಕೇ ಬರುತ್ತಿತ್ತು. ಬಸುರಿಯದು ಎರಡನೇ ಸಲವೂ ಅಂಥದೇ ಹತ್ತು ನಿಮಿಷದೊಳಗೆ ಬಿದ್ದಿರಬೇಕು. ಆ ಹೊಸ ಹೊತ್ತನ್ನೇ ತೋರಿಸಿ ಅವಳನ್ನು ಸುಳ್ಳಿ ಎಂದಿದ್ದರು.

ಬಾಯಲ್ಲಿ ಹೇಳಿದರೆ ಸಾಲದು, ನೋಡಿಯೇಬಿಡೋಣ ಎಂದು ಕೂಡಲೇ ಒಂದು ಫಲಿತಾಂಶ ಹಾಕಿಸಿದೆ. ಇಲ್ಲಿನ ಹೊತ್ತಿನಲ್ಲಿ ಹನ್ನೆರಡು ದಾಟಿದ ಮೇಲೆ ಇನ್ನೊಂದು ಹಾಕಿಸಿದೆ. ಮುಂದಿನ ಸಿಂಕ್ ಆದ ಮೇಲೆ ಆಪರೇಟರ್ ಹೇಳಿದ, ಎರಡನೆಯದು ಬಂದಿದೆ, ಮೊದಲನೆಯದು ಇಲ್ಲ. ಹುಡುಗಿ ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು. ಅಳುತ್ತಿದ್ದಳೋ ಏನೋ, ನಾನು ಹೊರಗೆ ಹೋಗಿ ಚಾ ಹೇಳಿ ಬಂದೆ.

ಮರುದಿನ ವಾಡಿಯಲ್ಲಿ ಸಾಹೇಬರ ಮುಂದೆ ಇದೆಲ್ಲವನ್ನೂ ಮತ್ತೆ ಹೇಳಿದೆ. ಒಂದು ಸಲವಲ್ಲ, ಕಾಗದದ ಮೇಲೆ ಎರಡು ಗಡಿಯಾರ ಬರೆದು ಹೇಳಿದೆ. ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಅಂದ್ರ ಚಿಂಚೋಳಿದು ಹತ್ತು ನಿಮಿಷ ಹಿಂದ ಅದ."

"ಚಿಂಚೋಳಿದು ಬರಾಬರ್ ಅದ ಸಾಹೇಬ್ರ. ನಮ್ಮದು ಮುಂದ ಅದ."

"ಅದೇ ಆಯ್ತಲ್ರಿ. ಅದನ್ನೂ ಹತ್ತು ನಿಮಿಷ ಮುಂದ ಮಾಡಿಬಿಡ್ರಿ, ಮುಗೀತು."

ಐದು ಊರಲ್ಲಿ ಸರಿಯಿದ್ದ ಒಂದೇ ಒಂದು ಗಡಿಯಾರವನ್ನೂ ಕೆಡಿಸಿ ಎಂದರು! ಕೈಯಿಂದ ಹೊಂದಿಸಿದ ಗಡಿಯಾರಗಳು ಒಂದೇ ಹೆಜ್ಜೆ ಹಾಕುವುದಿಲ್ಲ, ಒಂದು ಇವತ್ತು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ, ನಾಳೆ ಇದೇ ಗತಿ ಚಿತ್ತಾಪುರಕ್ಕೆ ಬರುತ್ತದೆ ಎಂದೆ. ರಕ್ತ ಯಾವಾಗ ತೆಗೆದದ್ದು ಎಂದು ರಿಪೋರ್ಟಿನ ಮೇಲೆ ಸುಳ್ಳು ಹೊತ್ತು ಅಚ್ಚಾಗುತ್ತಿದೆ ಎಂದೆ. ಅದು ಅವರ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಅವರ ಚಿಂತೆ ಸಂಜೆಯ ಗಾಡಿಯದು.

"ಮಂದಿ ಗಾಡಿ ತಪ್ಪಿಸ್ಕೊಂಡ್ರ ನೀವು ಜವಾಬ್ದಾರಿನಾ ಮೇಡಂ?"

"ಗೋಡಿ ಗಡಿಯಾರ ಬೇಕಂದ್ರ ಒಂದ್ ತಾಸ್ ಮುಂದ ಇಟ್ಕೋರಿ. ಸರ್ವರಿಗಿ ಗಾಡಿ ಹಿಡಿಯೋದೇನಿಲ್ಲ, ಅದಕ್ಕ ಕೈ ಹಚ್ಚಬ್ಯಾಡ್ರಿ!"

ನನ್ನ ದನಿ ಹೊರಗಿನ ತನಕ ಕೇಳಿರಬೇಕು. ಒಳಗಿನಿಂದ ಡಾಕ್ಟರು ಬಂದು, ಏನು ವಿಷಯ ಎಂದು ಕೇಳಿ, ಬಸುರಿಯ ರಿಪೋರ್ಟು ಇದೇ ಕಾರಣಕ್ಕೆ ನಿಂತದ್ದು ಎಂದು ತಿಳಿದ ಮೇಲೆ, ಮೊದಲು ಇದನ್ನು ಸರಿಮಾಡಿ ಎಂದು ಸಾಹೇಬರಿಗೇ ಹೇಳಿದರು. ಅಲ್ಲಿಗೆ ವಾದ ಮುಗಿಯಿತು.

ಎಲ್ಲ ಊರುಗಳ ಕಂಪ್ಯೂಟರುಗಳೂ ಇಂಟರ್ನೆಟ್ಟಿನಿಂದ ಒಂದೇ ಹೊತ್ತು ತೆಗೆದುಕೊಳ್ಳುವಂತೆ ಮಾಡಿದೆ. ಹೈದರಾಬಾದಿನ ಹುಡುಗರನ್ನು ಫೋನಿನಲ್ಲೇ ಹಿಡಿದು ಕೂರಿಸಿಕೊಂಡು, ಸರ್ವರು ಇನ್ನು ಮೇಲೆ ತನ್ನ ಗಡಿಯಾರ ನೋಡಿ ಗುರುತು ಹಾಕಬಾರದು, ಆಯಾ ಕೇಂದ್ರದಿಂದ ಬಂದ ಫಲಿತಾಂಶಗಳಲ್ಲಿ ಕಟ್ಟಕಡೆಯದರ ಮೇಲಿನ ಹೊತ್ತನ್ನೇ ಗುರುತಾಗಿ ಇಟ್ಟುಕೊಳ್ಳಬೇಕು, ಅದಕ್ಕೂ ಸ್ವಲ್ಪ ಹಿಂದಿನಿಂದ ಕೇಳಬೇಕು ಎಂದು ಬದಲಾವಣೆ ಮಾಡಿಸಿದೆ. ಬಂದದ್ದೇ ಇನ್ನೊಮ್ಮೆ ಬಂದರೆ ಅದೇ ಜಾಗದಲ್ಲಿ ಕೂರುತ್ತದೆ, ನಷ್ಟವಿಲ್ಲ. ಬಾರದೇ ಉಳಿದರೆ ನಷ್ಟ. "ಇದು ನಮ್ಮ ಬಗ್ ಅಲ್ಲ ಮೇಡಂ, ನಿಮ್ಮ ಗಡಿಯಾರ" ಎಂದು ಅವರು ಕೊನೆಯವರೆಗೂ ಗೊಣಗಿದರು. ಗಡಿಯಾರ ಕೆಟ್ಟರೆ ಫಲಿತಾಂಶ ನುಂಗುವ ಸಾಫ್ಟ್‌ವೇರು ಬರೆದವರು ನೀವು ಎಂದು ನಾನೂ ಬಿಡಲಿಲ್ಲ.

ಆಮೇಲೆ ಗುರುತನ್ನು ಹೊಸ ಕಂಪ್ಯೂಟರು ಬಂದ ದಿನಕ್ಕೆ ಹಿಂದೆ ಸರಿಸಿ ಸಿಂಕ್ ಒತ್ತಿದೆ. ಚಿಂಚೋಳಿಯಿಂದ ಸಾಲು ಸಾಲಾಗಿ ಬಂದು ಬೀಳತೊಡಗಿದವು, ಅಷ್ಟು ದಿನ ಕಾಣೆಯಾಗಿದ್ದವೆಲ್ಲ. ಮೊದಲ ಸಲ ಹಾಕಿದ ಹೊತ್ತು ವಾಡಿಯ ಪರದೆಯಲ್ಲಿ ಅಳಿಸಿ ಹೋದರೂ ಅಲ್ಲಿನ ಕಂಪ್ಯೂಟರಿನ ಒಳದಾಖಲೆಯಲ್ಲಿ ಬೇರೆಯಾಗಿ ಉಳಿದಿತ್ತು, ಅದನ್ನೂ ತೆಗೆದು ತೋರಿಸಿದೆ. ಹನ್ನೊಂದೂ ಇಪ್ಪತ್ತಕ್ಕೆ ಹಾಕಿದ್ದೇನೆ ಎಂದು ಅವಳು ಹೇಳಿದ್ದು ಹನ್ನೊಂದೂ ಇಪ್ಪತ್ತೆರಡಕ್ಕೆ ಹಾಕಿದ್ದು. ಅವಳು ಹಾಕದೇ ಬಿಟ್ಟದ್ದು ಒಂದೂ ಇರಲಿಲ್ಲ. ಸಾಹೇಬರು ಪರದೆ ನೋಡುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾದ್ರ ಅಕಿಗಿ ಬಾ ಅಂತ ಹೇಳ್ರಿ. ಏನೂ ತೊಂದ್ರಿ ಇಲ್ಲ."

ಏನೂ ತೊಂದರೆ ಇಲ್ಲವಂತೆ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರುತ್ತದೇನೋ ಎಂದು ನಿಂತು ನೋಡಿದೆ, ಬರಲಿಲ್ಲ. ಫೋನಿನಲ್ಲಿ ಹೇಳುವ ಬದಲು ಖುದ್ದು ಹೋಗಿ ಹೇಳೋಣ, ಅವಳ ಮುಖ ನೋಡೋಣ ಎಂದು ಭಾನುವಾರ ಮತ್ತೆ ಅದೇ ರೈಲು, ಅದೇ ಬಸ್ಸು. ಈ ಸಲ ಸೊಂಟದ ನೋವು ಲೆಕ್ಕಕ್ಕೆ ಬರಲಿಲ್ಲ.

ಅವಳು ಖೋಲಿಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಎಲ್ಲ ಫಲಿತಾಂಶವೂ ಬಂದವು, ನಿನ್ನದೊಂದೂ ತಪ್ಪಿಲ್ಲ, ಡಾಕ್ಟರಿಗೂ ಗೊತ್ತಾಗಿದೆ, ಸಾಹೇಬರೇ ಬಾ ಎಂದಿದ್ದಾರೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಚೀಲದೊಳಗಿಟ್ಟು ನನ್ನ ಕಡೆ ನೋಡಿದಳು.

"ಅಕ್ಕಾ, ಗಡಿಯಾರದ್ದು ನಿಮಗ ಸಿಗದೇ ಹೋಗಿದ್ರ, ನಾನು ಸುಳ್ಳಿನೇ ಆಗಿ ಉಳೀತಿದ್ನಲ್ಲಾ?"

ಏನೇನೋ ಹೇಳಬಹುದಿತ್ತು. ಇಲ್ಲ ತಾಯಿ, ನಿಜ ಯಾವತ್ತಾದರೂ ತಿಳಿಯುತ್ತಿತ್ತು ಎನ್ನಬಹುದಿತ್ತು. ಆ ಹಸಿರು ಸಾಲುಗಳನ್ನು ಅಷ್ಟು ದಿನ ನೋಡಿದ ನನಗೆ ಆ ಮಾತು ಬಾಯಿಗೆ ಬರಲಿಲ್ಲ.

"ಹೌದು" ಎಂದೆ.

ಅವಳು ಗೂಟಕ್ಕೆ ನೇತು ಹಾಕಿದ್ದ ಕೇಂದ್ರದ ಬೀಗದ ಕೈಯನ್ನು ತೆಗೆದು ತಂದು ನನ್ನ ಅಂಗೈಯಲ್ಲಿ ಇಟ್ಟಳು.

"ಇದನ್ನ ಅವರಿಗಿ ಕೊಡ್ರಿ. ಸೇಡಂನಾಗ ಒಂದು ದವಾಖಾನಿಯಾಗ ಕೆಲಸ ಕೇಳೀನಿ, ನೋಡೋಣ."